ತಂತಿ, ತಗಡು, ರಬ್ಬರ್: ಬಿದ್ರಿ ವಿನ್ಯಾಸಕ್ಕೆ ಟ್ಯಾಬ್ಲೆಟ್ ಪೆನ್ನಿನ ಬಟನ್‌ಗಳನ್ನು ಹೊಂದಿಸುವುದು ಹೇಗೆ?

ಬೀದರಿನ ಚೌಬಾರಾ ಸುತ್ತಮುತ್ತಲ ಬಿದ್ರಿ ಅಂಗಡಿಯಲ್ಲಿ ಒಂದು ತಟ್ಟೆ ಕೈಗೆ ತಗೊಂಡು ಅದರ ಅಂಚು ನೋಡಿ. ಕಪ್ಪು ನೆಲದ ಮೇಲೆ ಬೆಳ್ಳಿ ಎರಡು ಬಗೆಯಲ್ಲಿ ಕೂತಿರುತ್ತದೆ. ಬಳ್ಳಿಯ ಗೆರೆಗೆ ತಂತಿ, ಎಲೆ ಮತ್ತು ಹೂವಿನ ಎಸಳಿಗೆ ತೆಳು ತಗಡಿನ ಚೂರು. ಮೊದಲನೆಯದು ತಾರಕಶಿ, ಎರಡನೆಯದು ತೆಹನಿಶಾನ್. ಇವೆರಡರ ನಡುವೆ ಕಪ್ಪು ಸಂದು ಇರಲೇಬೇಕು. ಸಂದು ಇಲ್ಲದಿದ್ದರೆ ತಂತಿ ಯಾವುದು, ತಗಡು ಯಾವುದು ಗೊತ್ತಾಗುವುದಿಲ್ಲ.

ಇಂಥ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಬರೆಯುವಾಗ ಕೈ ಮಾಡುವ ಕೆಲಸ ಮೂರೇ: ತಂತಿ ಎಳೆ, ತಗಡು ತುಂಬು, ಸಂದು ಕೊರೆ. ಈ ಮೂರರ ನಡುವೆ ಓಡಾಡುವುದಂತೂ ನಿಮಿಷಕ್ಕೆ ಹತ್ತಾರು ಸಲ. ಪ್ರತಿ ಸಲ ಪರದೆಯ ಮೂಲೆಗೆ ಹೋಗಿ ಬ್ರಷ್ ಬದಲಿಸುತ್ತಾ ಕೂತರೆ ಗೆರೆಯ ಓಟ ಕೆಡುತ್ತದೆ. ಪೆನ್ನಿನ ಮೈಮೇಲಿನ ಎರಡು ಬಟನ್ ಮತ್ತು ಹಿಂದಿನ ರಬ್ಬರ್ ತುದಿ ಇರುವುದು ಇದಕ್ಕೇ. ಆದರೆ ಹೆಚ್ಚಿನವರು ಅವನ್ನು ಡಬ್ಬಿಯಿಂದ ಬಂದ ಹಾಗೇ ಬಿಟ್ಟಿರುತ್ತಾರೆ. ಒಂದು ಬಟನ್ ರೈಟ್ ಕ್ಲಿಕ್, ಇನ್ನೊಂದು ಯಾವುದೋ ಒಂದು. ಅದಕ್ಕೇ ಬೆರಳು ತಾಗಿದಾಗಲೆಲ್ಲ ಬೇಡದ ಮೆನು ತೆರೆದುಕೊಳ್ಳುತ್ತದೆ.

ನಾನಿಲ್ಲಿ ಹೇಳುವುದು ವಿಂಡೋಸ್ ಮತ್ತು ಕ್ರಿಟಾ 5 ಇಟ್ಟುಕೊಂಡು. ಕ್ರಿಟಾ ಚಿತ್ರ ಬರೆಯುವ ಉಚಿತ ಪ್ರೋಗ್ರಾಮ್, ಮತ್ತು ರಬ್ಬರ್ ತುದಿಯನ್ನು ಬೇರೆಯೇ ಪೆನ್ ಅಂತ ಲೆಕ್ಕಕ್ಕೆ ತಗೊಳ್ಳುತ್ತದೆ. ಈ ಗುಣವೇ ನಮಗೆ ಬೇಕಾದದ್ದು.

ಮೊದಲು ನಿಮ್ಮ ಪೆನ್ ನೋಡಿ

ಎಲ್ಲ ಪೆನ್ನಿಗೂ ರಬ್ಬರ್ ತುದಿ ಇರುವುದಿಲ್ಲ. ವ್ಯಾಕಮ್‌ನ ಪ್ರೊ ಪೆನ್ 2ಕ್ಕೆ ಇದೆ. ಕಡಿಮೆ ಬೆಲೆಯ ಒನ್ ಬೈ ವ್ಯಾಕಮ್ ಜೊತೆ ಬರುವ ಪೆನ್ನಿಗೆ ಇಲ್ಲ. 2018ರ ಇಂಟ್ಯುಯೋಸ್ ಪೆನ್ನಿಗೂ ಇಲ್ಲ. ಹ್ಯೂಯಾನ್, ಎಕ್ಸ್‌ಪಿ-ಪೆನ್ ಕಂಪನಿಗಳ ಬಹಳಷ್ಟು ಪೆನ್‌ಗಳಿಗೂ ಇಲ್ಲ. ಪೆನ್ನಿನ ಹಿಂಭಾಗ ದುಂಡಗಿದೆ ಅಂದ ಮಾತ್ರಕ್ಕೆ ರಬ್ಬರ್ ಅಂತ ತಿಳಿಯಬೇಡಿ. ತಿರುಗಿಸಿ ಟ್ಯಾಬ್ಲೆಟ್ ಮೇಲೆ ಹಿಡಿಯಿರಿ. ಪರದೆಯ ಬಾಣ ಅಲುಗಾಡಿದರೆ ರಬ್ಬರ್ ಇದೆ, ಇಲ್ಲದಿದ್ದರೆ ಅದು ಬರೀ ಮುಚ್ಚಳ.

ರಬ್ಬರ್ ತುದಿ ಇಲ್ಲದವರು ನಿರಾಶರಾಗಬೇಕಿಲ್ಲ. ಅವರು ಮೇಲಿನ ಬಟನ್ನನ್ನು ಅದಕ್ಕೆ ಬಿಟ್ಟುಕೊಡಬೇಕು, ಅಷ್ಟೇ. ಅದನ್ನು ಮುಂದೆ ಹೇಳುತ್ತೇನೆ.

ಬಟನ್‌ಗಿಂತ ಮುಂಚೆ ಬ್ರಷ್

ಎಲ್ಲರೂ ನೇರವಾಗಿ ಡ್ರೈವರ್ ತೆರೆದು ಬಟನ್ ಬದಲಿಸಲು ಹೋಗುತ್ತಾರೆ. ಅದು ಎರಡನೆಯ ಕೆಲಸ. ಬಟನ್ ಒತ್ತಿದಾಗ ಸಿಗಬೇಕಾದ ಬ್ರಷ್ ಮೊದಲು ತಯಾರಿರಬೇಕು. ಕ್ರಿಟಾದಲ್ಲಿ ಬ್ರಷ್‌ನ ಗಾತ್ರವನ್ನು ಸುಮ್ನೆ ಬದಲಿಸಿ ಇನ್ನೊಂದು ಬ್ರಷ್‌ಗೆ ಹೋಗಿ ವಾಪಸ್ ಬಂದರೆ, ಅದು ಸೇವ್ ಆಗಿದ್ದ ಹಳೆ ಗಾತ್ರಕ್ಕೇ ಮರಳುತ್ತದೆ. ಬಟನ್‌ನಿಂದ ಬ್ರಷ್ ಬದಲಿಸುವವರಿಗೆ ಇದು ತಲೆನೋವು. ಆದ್ದರಿಂದ ನಿಮ್ಮ ಅಳತೆಯ ಬ್ರಷ್‌ಗಳನ್ನು ನಿಮ್ಮದೇ ಹೆಸರಲ್ಲಿ ಸೇವ್ ಮಾಡಿಟ್ಟುಕೊಳ್ಳಿ.

ಒಂದು ಉದಾಹರಣೆ ತಗೊಳ್ಳೋಣ. 20 ಸೆಂಟಿಮೀಟರ್ ಅಗಲದ ತಟ್ಟೆ. ಹೊಸ ಫೈಲಿಗೆ ಅಗಲ, ಎತ್ತರ ಎರಡೂ 20 ಸೆಂಟಿಮೀಟರ್, ರೆಸಲ್ಯೂಷನ್ 300 ಕೊಟ್ಟರೆ ಒಂದು ಬದಿಗೆ 2362 ಪಿಕ್ಸೆಲ್ ಬರುತ್ತದೆ. ತಂತಿಯ ದಪ್ಪ ಅರ್ಧ ಮಿಲಿಮೀಟರ್ ಅಂತ ಇಟ್ಟುಕೊಂಡರೆ ಅದು ಸುಮಾರು 6 ಪಿಕ್ಸೆಲ್. ಅಂದರೆ ಪರದೆಯಲ್ಲಿ 6 ಪಿಕ್ಸೆಲ್ ಗೆರೆ ಎಳೆದರೆ ಪ್ರಿಂಟ್‌ನಲ್ಲಿ ನಿಜವಾದ ತಂತಿಯ ದಪ್ಪವೇ ಬರುತ್ತದೆ. ಈ ಲೆಕ್ಕ ಮಾಡದೆ ಕಣ್ಣಳತೆಯಲ್ಲಿ ಬರೆದ ವಿನ್ಯಾಸ ಪರದೆಯಲ್ಲಿ ಚೆಂದ ಕಾಣುತ್ತದೆ, ಪ್ರಿಂಟ್ ತೆಗೆದಾಗ ಬಳ್ಳಿ ಹಗ್ಗದಂತೆ ಆಗಿರುತ್ತದೆ.

ಕೆಳಗಿನ ಲೇಯರ್‌ಗೆ ಪೂರ್ತಿ ಕಪ್ಪು ತುಂಬಿ, ಬೀಗದ ಚಿಹ್ನೆ ಒತ್ತಿ ಅದನ್ನು ಲಾಕ್ ಮಾಡಿ. ಅದರ ಮೇಲೆ ಖಾಲಿ ಲೇಯರ್ ಒಂದನ್ನು ಸೇರಿಸಿ. ಬಿಳಿ ಗೆರೆಯೆಲ್ಲ ಅಲ್ಲಿಗೆ. ಲಾಕ್ ಮಾಡದಿದ್ದರೆ ಒಂದಲ್ಲ ಒಂದು ಸಲ ರಬ್ಬರ್ ಕಪ್ಪು ನೆಲವನ್ನೇ ಅಳಿಸುತ್ತದೆ.

ಈಗ ಬ್ರಷ್. `b) Basic-5 Size` ಆರಿಸಿ `F5` ಒತ್ತಿದರೆ ಬ್ರಷ್ ಎಡಿಟರ್ ತೆರೆಯುತ್ತದೆ. ಇದು ಪೆನ್ ಒತ್ತಿದಷ್ಟೂ ದಪ್ಪವಾಗುವ ಬ್ರಷ್. ಬೆಳ್ಳಿ ತಂತಿಗೆ ಒಂದೇ ದಪ್ಪ ಅಲ್ವಾ? ಹಾಗಾಗಿ `Size` ಪುಟಕ್ಕೆ ಹೋಗಿ `Enable Pen Settings` ಟಿಕ್ ತೆಗೆಯಿರಿ. ಗಾತ್ರ 6 ಮಾಡಿ. `Save New Brush Preset...` ಒತ್ತಿ `tanti-6` ಅಂತ ಹೆಸರಿಡಿ. ಅದನ್ನೇ 30 ಪಿಕ್ಸೆಲ್ ಮಾಡಿ `tagadu-30` ಅಂತ ಇನ್ನೊಂದು. ಕೊನೆಗೆ `a) Eraser Circle` ಆರಿಸಿ, ಅದರಲ್ಲೂ ಒತ್ತಡಕ್ಕೆ ಗಾತ್ರ ಬದಲಾಗದಂತೆ ಮಾಡಿ, 10 ಪಿಕ್ಸೆಲ್‌ಗೆ ಇಳಿಸಿ `kore-10` ಅಂತ ಸೇವ್ ಮಾಡಿ.

ರಬ್ಬರ್ ತುದಿಗೆ ಬ್ರಷ್ ಕೊಡುವುದು

ಇದಕ್ಕೆ ಯಾವ ಮೆನುವೂ ಇಲ್ಲ. ಬಹಳ ಜನ ಹುಡುಕಿ ಸುಸ್ತಾಗುವುದು ಇಲ್ಲೇ. ಪೆನ್ನನ್ನು ತಿರುಗಿಸಿ. ರಬ್ಬರ್ ತುದಿಯಿಂದಲೇ ಬ್ರಷ್ ಪಟ್ಟಿಯವರೆಗೆ ಹೋಗಿ, ರಬ್ಬರ್ ತುದಿಯಿಂದಲೇ `kore-10` ಮೇಲೆ ಒತ್ತಿ. ಮುಗೀತು. ಇನ್ನು ಮುಂದೆ ಪೆನ್ ತಿರುಗಿಸಿದಾಗಲೆಲ್ಲ ಅದೇ ಬ್ರಷ್ ಬರುತ್ತದೆ, ಮತ್ತೆ ತಿರುಗಿಸಿದರೆ ನೀವು ಬಿಟ್ಟುಹೋದ ತಂತಿ ಬ್ರಷ್ ಕಾದಿರುತ್ತದೆ.

ಸರಿಯಾಗಿದೆಯಾ ಅಂತ ನೋಡಲು ಮೇಲಿನ ಟೂಲ್‌ಬಾರಿನಲ್ಲಿರುವ ಬ್ರಷ್ ಚಿತ್ರದ ಮೇಲೆ ಕಣ್ಣಿಡಿ. ಪೆನ್ ತಿರುಗಿಸಿ ಟ್ಯಾಬ್ಲೆಟ್‌ನ ಹತ್ತಿರ ತಂದರೆ ಸಾಕು, ತಾಗಿಸುವುದೂ ಬೇಡ, ಚಿತ್ರ ಬದಲಾಗಬೇಕು. ಟ್ಯಾಬ್ಲೆಟ್‌ಗೆ ಪೆನ್ ಸುಮಾರು ಒಂದು ಸೆಂಟಿಮೀಟರ್ ದೂರದಿಂದಲೇ ತಿಳಿಯುತ್ತದೆ.

ಬದಲಾಗದಿದ್ದರೆ ಡ್ರೈವರ್ ಕಳಿಸುವ ಸುದ್ದಿ ಕ್ರಿಟಾಗೆ ತಲುಪುತ್ತಿಲ್ಲ ಅಂತ ಅರ್ಥ. `Settings > Configure Krita > Tablet settings` ಒಳಗೆ ಎರಡು ಆಯ್ಕೆ ಇವೆ, ಒಂದು ವಿನ್‌ಟ್ಯಾಬ್, ಇನ್ನೊಂದು ವಿಂಡೋಸ್ ಇಂಕ್. ಈಗಿರುವುದನ್ನು ಬಿಟ್ಟು ಇನ್ನೊಂದಕ್ಕೆ ಬದಲಿಸಿ, ಕ್ರಿಟಾ ಮುಚ್ಚಿ ಮತ್ತೆ ತೆರೆಯಿರಿ. ಮುಚ್ಚಿ ತೆರೆಯದೆ ಇದು ಜಾರಿಗೆ ಬರುವುದಿಲ್ಲ. ನಿಮ್ಮ ಡ್ರೈವರಿನಲ್ಲೂ ವಿಂಡೋಸ್ ಇಂಕ್ ಟಿಕ್ ಇದ್ದರೆ ಎರಡೂ ಕಡೆ ಒಂದೇ ಆಗಿರಲಿ. ಡ್ರೈವರಿನಲ್ಲಿ ಒಂದು, ಕ್ರಿಟಾದಲ್ಲಿ ಇನ್ನೊಂದು ಇದ್ದರೆ ಒತ್ತಡವೂ ಹೋಗುತ್ತದೆ, ರಬ್ಬರೂ ಹೋಗುತ್ತದೆ.

ರಬ್ಬರ್ ತುದಿಯ ಬದಲು ಕೀಬೋರ್ಡಿನ `E` ಒತ್ತಿ ಅಳಿಸಬಹುದಲ್ಲ ಅಂತ ಕೇಳುವವರಿದ್ದಾರೆ. ಹೌದು. ಆದರೆ `E` ಮಾಡುವುದು ಬೇರೆ ಕೆಲಸ. ಅದು ಕೈಯಲ್ಲಿರುವ ಬ್ರಷ್ಷನ್ನೇ ಅಳಿಸುವ ಬ್ರಷ್ ಮಾಡುತ್ತದೆ. 6 ಪಿಕ್ಸೆಲ್ ತಂತಿ ಬ್ರಷ್ 6 ಪಿಕ್ಸೆಲ್ ರಬ್ಬರ್ ಆಗುತ್ತದೆ. 10 ಪಿಕ್ಸೆಲ್ ಸಂದು ಬೇಕು ಅಂದರೆ ಪ್ರತಿ ಸಲ ಗಾತ್ರ ಹಿಗ್ಗಿಸಬೇಕು. ಬ್ರಷ್ ಎಡಿಟರಿನಲ್ಲಿ `Eraser switch size` ಆನ್ ಮಾಡಿದರೆ ಅಳಿಸುವಾಗಿನ ಗಾತ್ರ ಬೇರೆ ನೆನಪಿರುತ್ತದೆ, ಅದೂ ಒಂದು ದಾರಿ. ಆದರೂ `E` ಒಮ್ಮೆ ಒತ್ತಿದರೆ ಹಾಗೇ ನಿಲ್ಲುತ್ತದೆ. ಮರೆತು ಗೆರೆ ಎಳೆಯಲು ಹೋದರೆ ಬಳ್ಳಿಯೇ ಕತ್ತರಿಸಿಹೋಗುತ್ತದೆ. ನನ್ನ ಆಯ್ಕೆ ಸ್ಪಷ್ಟ: ಅಳಿಸುವ ಕೆಲಸ ಯಾವಾಗಲೂ ಕೈಗೆ ಗೊತ್ತಾಗುವ ಹಾಗಿರಬೇಕು. ಪೆನ್ ತಿರುಗಿದೆ, ಇಲ್ಲವೇ ಬಟನ್ ಒತ್ತಿ ಹಿಡಿದಿದ್ದೀನಿ. ಪರದೆ ನೋಡಿ ತಿಳಿಯಬೇಕು ಅಂದರೆ ಅದು ಸರಿಯಾದ ಹೊಂದಿಕೆ ಅಲ್ಲ.

ಕೆಳಗಿನ ಬಟನ್: ಮಿಡಲ್ ಕ್ಲಿಕ್

ಹೆಬ್ಬೆರಳು ಅಥವಾ ತೋರುಬೆರಳಿಗೆ ಸುಲಭವಾಗಿ ಸಿಗುವುದು ತುದಿಗೆ ಹತ್ತಿರದ ಬಟನ್. ತಪ್ಪಿ ಒತ್ತುವುದೂ ಅದನ್ನೇ ಜಾಸ್ತಿ. ಹಾಗಾಗಿ ಅದಕ್ಕೆ ಕೊಡುವ ಕೆಲಸ ಎರಡು ಗುಣ ಹೊಂದಿರಬೇಕು: ಪದೇಪದೇ ಬೇಕಾಗಬೇಕು, ತಪ್ಪಿ ಒತ್ತಿದರೂ ಚಿತ್ರ ಕೆಡಬಾರದು. ಅನೇಕರು ಇಲ್ಲಿ ಅನ್‌ಡೂ ಇಡುತ್ತಾರೆ. ನನಗದು ಸರಿ ಕಾಣುವುದಿಲ್ಲ. ಗೊತ್ತಿಲ್ಲದೆ ಒತ್ತಿದಾಗ ಒಂದು ಗೆರೆ ಮಾಯವಾಗುತ್ತದೆ, ಅದು ಹೋದದ್ದು ನಿಮಗೆ ಗೊತ್ತಾಗುವುದು ಪ್ರಿಂಟ್ ಬಂದ ಮೇಲೆ.

ನಾನು ಕೊಡುವುದು ಮಿಡಲ್ ಕ್ಲಿಕ್. ಕ್ರಿಟಾದಲ್ಲಿ ಮಿಡಲ್ ಕ್ಲಿಕ್ ಹಿಡಿದು ಎಳೆದರೆ ಕ್ಯಾನ್ವಾಸ್ ಸರಿಯುತ್ತದೆ. ಎಡಗೈಯಲ್ಲಿ `Shift` ಹಿಡಿದು ಎಳೆದರೆ ಕ್ಯಾನ್ವಾಸ್ ತಿರುಗುತ್ತದೆ. `Ctrl` ಹಿಡಿದು ಎಳೆದರೆ ಹಿಗ್ಗುತ್ತದೆ, ಕುಗ್ಗುತ್ತದೆ. ಒಂದೇ ಬಟನ್‌ಗೆ ಮೂರು ಕೆಲಸ. ತಟ್ಟೆಯ ಅಂಚು ಬರೆಯುವವರಿಗೆ ತಿರುಗಿಸುವುದು ಬಹಳ ಮುಖ್ಯ. ಮಣಿಕಟ್ಟು ಒಂದು ದಿಕ್ಕಿಗೆ ಮಾತ್ರ ಚೆನ್ನಾಗಿ ಬಾಗುತ್ತದೆ. ಬಳ್ಳಿ ಸುತ್ತಲೂ ಹೋಗುವಾಗ ಕೈ ತಿರುಚುವ ಬದಲು ತಟ್ಟೆಯನ್ನೇ ತಿರುಗಿಸಬೇಕು.

ವ್ಯಾಕಮ್ ಆದರೆ `Wacom Tablet Properties` ತೆರೆದು `Pen` ಪುಟಕ್ಕೆ ಹೋಗಿ. ಮೊದಲು ಮೇಲಿನ `Application` ಸಾಲಿನ `+` ಒತ್ತಿ ಕ್ರಿಟಾವನ್ನು ಸೇರಿಸಿ. ಕ್ರಿಟಾ ಮುಂಚೆಯೇ ತೆರೆದಿದ್ದರೆ ಪಟ್ಟಿಯಲ್ಲಿ ಸಿಗುತ್ತದೆ. ಈ ಹೆಜ್ಜೆ ಬಿಟ್ಟರೆ ಬದಲಾವಣೆ ಎಲ್ಲ ಪ್ರೋಗ್ರಾಮಿಗೂ ಹೋಗುತ್ತದೆ. ಆಮೇಲೆ ಬ್ರೌಸರಿನಲ್ಲಿ, ಟ್ಯಾಲಿಯಲ್ಲಿ ಪೆನ್ ವಿಚಿತ್ರವಾಗಿ ವರ್ತಿಸುತ್ತದೆ. ಕ್ರಿಟಾ ಚಿಹ್ನೆ ಆರಿಸಿಕೊಂಡು, ಕೆಳಗಿನ ಬಟನ್ ಪಕ್ಕದ ಪಟ್ಟಿಯಲ್ಲಿ `Middle Click` ಕೊಡಿ. ಹ್ಯೂಯಾನ್, ಎಕ್ಸ್‌ಪಿ-ಪೆನ್ ಡ್ರೈವರಿನಲ್ಲೂ ಪೆನ್ ಪುಟದಲ್ಲಿ ಬಟನ್ ಮೇಲೆ ಒತ್ತಿದರೆ ಮೌಸ್ ಕೆಲಸಗಳ ಪಟ್ಟಿ ಬರುತ್ತದೆ, ಮಿಡಲ್ ಕ್ಲಿಕ್ ಅಲ್ಲೇ ಇರುತ್ತದೆ.

ವ್ಯಾಕಮ್‌ನಲ್ಲಿ ಇನ್ನೊಂದು ಸಣ್ಣ ಆಯ್ಕೆ ಇದೆ. `Options` ಒಳಗಿನ `Side Switch Mode`. ಅದರಲ್ಲಿ `Hover Click` ಇದ್ದರೆ ಪೆನ್ ಗಾಳಿಯಲ್ಲಿರುವಾಗಲೇ ಬಟನ್ ಕೆಲಸ ಮಾಡುತ್ತದೆ. `Click & Tap` ಇದ್ದರೆ ಬಟನ್ ಹಿಡಿದು ತುದಿಯನ್ನೂ ತಾಗಿಸಬೇಕು. ತುದಿಗೆ ಹತ್ತಿರ ಹಿಡಿಯುವ ಅಭ್ಯಾಸ ಇದ್ದು, ಬೆರಳು ಸದಾ ಬಟನ್ ಮೇಲೆ ಬೀಳುತ್ತಿದ್ದರೆ ಎರಡನೆಯದೇ ಒಳ್ಳೆಯದು. ಉಳಿದವರಿಗೆ ಮೊದಲನೆಯದು ವೇಗ.

ವಿಂಡೋಸ್ ಇಂಕ್ ಆನ್ ಇದ್ದಾಗ ಕೆಲವು ಟ್ಯಾಬ್ಲೆಟ್‌ಗಳಲ್ಲಿ ಮಿಡಲ್ ಕ್ಲಿಕ್ ತಲುಪುವುದಿಲ್ಲ. ಬಟನ್ ಒತ್ತಿ ಎಳೆದರೆ ಕ್ಯಾನ್ವಾಸ್ ಸರಿಯುವ ಬದಲು ಗೆರೆ ಬೀಳುತ್ತದೆ, ಅಥವಾ ಏನೂ ಆಗುವುದಿಲ್ಲ. ಆಗ ಬಟನ್‌ಗೆ ಕೀಬೋರ್ಡಿನ `Space` ಕೊಡಿ. ಬಟನ್ ಹಿಡಿದು ತುದಿಯಿಂದ ಎಳೆಯಿರಿ. `Shift`, `Ctrl` ಜೊತೆಗೂ ಅದೇ ರೀತಿ ನಡೆಯುತ್ತದೆ.

ಮೇಲಿನ ಬಟನ್: ತಂತಿಯಿಂದ ತಗಡಿಗೆ

ರಬ್ಬರ್ ತುದಿ ಇರುವವರು ಇದಕ್ಕೆ `Keystroke` ಆರಿಸಿ `/` ಕೊಡಿ. ಕ್ರಿಟಾದಲ್ಲಿ `/` ಒತ್ತಿದರೆ ಹಿಂದೆ ಬಳಸಿದ ಬ್ರಷ್‌ಗೆ ಹೋಗುತ್ತದೆ, ಮತ್ತೊಮ್ಮೆ ಒತ್ತಿದರೆ ವಾಪಸ್. `tanti-6` ಒಮ್ಮೆ ಆರಿಸಿ, `tagadu-30` ಒಮ್ಮೆ ಆರಿಸಿ. ಆಮೇಲೆ ಬಟನ್ ಎರಡರ ನಡುವೆ ಓಡಾಡಿಸುತ್ತದೆ. ಇದೂ ಒತ್ತಿದರೆ ನಿಲ್ಲುವ ಬಗೆಯದೇ. ಆದರೆ ಇಲ್ಲಿ ಗೊಂದಲವಿಲ್ಲ, ಯಾಕಂದ್ರೆ ಬಾಣದ ಜಾಗದಲ್ಲಿರುವ ವೃತ್ತ 6ರಿಂದ 30ಕ್ಕೆ ಹಿಗ್ಗುವುದು ಕಣ್ಣಿಗೆ ಹೊಡೆಯುತ್ತದೆ. 6 ಮತ್ತು 9 ಪಿಕ್ಸೆಲ್ ಬ್ರಷ್‌ಗಳನ್ನು ಹೀಗೆ ಜೋಡಿ ಮಾಡಬೇಡಿ, ವ್ಯತ್ಯಾಸ ಕಾಣುವುದಿಲ್ಲ.

ರಬ್ಬರ್ ತುದಿ ಇಲ್ಲದವರು ಮೇಲಿನ ಬಟನ್‌ಗೆ ಅಳಿಸುವ ಕೆಲಸ ಕೊಡಬೇಕು, `/` ಅನ್ನು ಕೀಬೋರ್ಡಿನಲ್ಲೇ ಒತ್ತಬೇಕು. ವ್ಯಾಕಮ್‌ನಲ್ಲಿ ಬಟನ್ ಪಟ್ಟಿಯಲ್ಲಿ ಪೆನ್ನಿಗೆ ಸಂಬಂಧಿಸಿದ ಕೆಲಸಗಳ ನಡುವೆ ಇರೇಸರ್ ಇರುತ್ತದೆ. ಅದನ್ನು ಕೊಟ್ಟರೆ ಬಟನ್ ಹಿಡಿದಿರುವಷ್ಟು ಹೊತ್ತು ಪೆನ್ ತಿರುಗಿಸಿದ್ದೀರಿ ಅಂತಲೇ ಕ್ರಿಟಾ ತಿಳಿಯುತ್ತದೆ. `kore-10` ಅನ್ನು ಇದಕ್ಕೂ ಅದೇ ಉಪಾಯದಲ್ಲಿ ಕೊಡಬಹುದು: ಬಟನ್ ಹಿಡಿದುಕೊಂಡೇ ಬ್ರಷ್ ಪಟ್ಟಿಯಲ್ಲಿ ಅದರ ಮೇಲೆ ತುದಿ ಒತ್ತಿ. ಅಳಿಸುವಾಗ ಬಟನ್ ಮೊದಲು, ತುದಿ ತಾಗಿಸುವುದು ಆಮೇಲೆ. ಗೆರೆ ಎಳೆಯುತ್ತಿರುವಾಗ ನಡುವೆ ಬಟನ್ ಒತ್ತಿ ರಬ್ಬರ್ ಬರಲಿ ಅಂತ ಕಾಯಬೇಡಿ.

ಹ್ಯೂಯಾನ್, ಎಕ್ಸ್‌ಪಿ-ಪೆನ್ ಡ್ರೈವರ್‌ಗಳಲ್ಲಿ ಪೆನ್ನಿನಿಂದ ರಬ್ಬರ್‌ಗೆ ಬದಲಿಸುವ ಕೆಲಸ ಇದೆ. ಅದು ಹಿಡಿಯುವ ಬಗೆಯದಲ್ಲ. ಒಮ್ಮೆ ಒತ್ತಿದರೆ ರಬ್ಬರ್, ಮತ್ತೊಮ್ಮೆ ಒತ್ತಿದರೆ ಪೆನ್. ಇದರಲ್ಲಿ ಮರೆಯುವ ಅಪಾಯ ಇದ್ದೇ ಇದೆ. ಹಾಗಾಗಿ `kore` ಬ್ರಷ್ಷನ್ನು 10ರ ಬದಲು 14 ಮಾಡಿ, ವೃತ್ತ ನೋಡಿಯೇ ಗೊತ್ತಾಗಲಿ.

ಎರಡು ಬಟನ್‌ಗಳಿಂದಲೂ ರೈಟ್ ಕ್ಲಿಕ್ ಹೋಯಿತು, ಅಂದರೆ ಕ್ರಿಟಾದ ದುಂಡು ಬ್ರಷ್ ಫಲಕ ಪೆನ್ನಿನಿಂದ ಬರುವುದಿಲ್ಲ. ಮೂರೇ ಬ್ರಷ್ ಇರುವ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ. ಬಣ್ಣ ಬಳಿಯುವ ಚಿತ್ರಗಾರರಾದರೆ ಮಾತ್ರ ಈ ಹೊಂದಿಕೆ ಬೇಡ, ಅವರಿಗೆ ಆ ಫಲಕ ಬೇಕು.

ಒಂದು ಎಲೆ ಬರೆದು ನೋಡೋಣ

ತಟ್ಟೆಯ ಅಂಚಿನ ಬಳ್ಳಿ. ಕೈಯಲ್ಲಿ `tanti-6`. ಎಡದಿಂದ ಬಲಕ್ಕೆ ಅಲೆಯಂತೆ ಬಳ್ಳಿ ಎಳೆಯಿರಿ. ಎಲೆ ಬರುವ ಜಾಗದಲ್ಲಿ ನಿಲ್ಲಿಸಬೇಡಿ, ಅದರ ಮೂಲಕವೇ ಹಾದುಹೋಗಲಿ. ನಿಲ್ಲಿಸಿ ಮತ್ತೆ ಶುರುಮಾಡಿದರೆ ಬಳ್ಳಿಯ ಬಾಗು ಮುರಿಯುತ್ತದೆ.

ಮೇಲಿನ ಬಟನ್ ಒಮ್ಮೆ. ವೃತ್ತ ದೊಡ್ಡದಾಯಿತು, ಈಗ ತಗಡು. ಬಳ್ಳಿಯ ಮೇಲೇ ಎಲೆ ತುಂಬಿ. ಎಲೆಯ ತುದಿ ಚೂಪಾಗುವುದಿಲ್ಲ, 30 ಪಿಕ್ಸೆಲ್ ಬ್ರಷ್‌ನಲ್ಲಿ ಅದು ಆಗುವುದೂ ಇಲ್ಲ, ಬಿಡಿ. ಪೆನ್ ತಿರುಗಿಸಿ ರಬ್ಬರ್‌ನಿಂದ ಎರಡೂ ಬದಿ ಸವರಿ ಚೂಪು ಮಾಡಿ. ಬೆಳ್ಳಿ ಎಲೆಯ ಆಕಾರ ನಿಜವಾಗಿ ಮೂಡುವುದು ಈ ಕೊರೆತದಲ್ಲಿ.

ಪೆನ್ ತಿರುಗಿಸಿದ ಹಾಗೇ ಎಲೆಗೂ ಬಳ್ಳಿಗೂ ನಡುವೆ ಒಂದು ಸಂದು ಎಳೆಯಿರಿ. ಬಳ್ಳಿ ಎಲೆಯೊಳಗೆ ಹೊಕ್ಕುವ ಕಡೆ ಒಂದು, ಹೊರಬರುವ ಕಡೆ ಒಂದು. 10 ಪಿಕ್ಸೆಲ್ ಅಂದರೆ ಪ್ರಿಂಟ್‌ನಲ್ಲಿ 0.8 ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಇದನ್ನು ಬಿಟ್ಟು ಪ್ರಿಂಟ್ ಒಯ್ದರೆ ಕುಶಲಕರ್ಮಿ ಬೆರಳಿಟ್ಟು ಕೇಳುವುದು ಇದನ್ನೇ: "ತಂತಿ ಎಲೆಗೆ ಹತ್ತಿಕೊಂಡಿದೆಯಲ್ಲ ತಮ್ಮಾ, ಉಳಿ ಎಲ್ಲಿ ಇಡಲಿ?"

ಕೆಳಗಿನ ಬಟನ್ ಹಿಡಿದು, ಎಡಗೈಯಲ್ಲಿ `Shift` ಇಟ್ಟು, ತಟ್ಟೆಯನ್ನು ಒಂದು ಎಲೆಯಷ್ಟು ತಿರುಗಿಸಿ. ಮೇಲಿನ ಬಟನ್ ಒತ್ತಿ ತಂತಿಗೆ ಬನ್ನಿ. ಮುಂದಿನ ಎಲೆ. ಪರದೆಯ ಅಂಚಿನ ಬ್ರಷ್ ಪಟ್ಟಿಗೆ ಕೈ ಹೋಗಲೇ ಇಲ್ಲ ಅನ್ನುವುದು ಗಮನಕ್ಕೆ ಬಂತೇ? ಆ ಫಲಕವನ್ನು ಮುಚ್ಚಿಬಿಡಿ, ಕ್ಯಾನ್ವಾಸ್‌ಗೆ ಜಾಗ ಸಿಗುತ್ತದೆ.

ಕೈಕೊಟ್ಟಾಗ

*ರಬ್ಬರ್ ತುದಿ ಅಳಿಸುವ ಬದಲು ಗೆರೆ ಎಳೆಯುತ್ತಿದೆ.* ಯಾವಾಗಲೋ ಪೆನ್ ತಿರುಗಿಸಿದ್ದಾಗ ಬೇರೆ ಬ್ರಷ್ ಮೇಲೆ ಒತ್ತಿದ್ದೀರಿ, ಕ್ರಿಟಾ ಅದನ್ನೇ ನೆನಪಿಟ್ಟುಕೊಂಡಿದೆ. ರಬ್ಬರ್ ತುದಿಯಿಂದಲೇ `kore-10` ಮತ್ತೆ ಆರಿಸಿ.

*ಮುಂದಿನ ತುದಿಯೇ ಅಳಿಸುತ್ತಿದೆ.* ಬ್ರಷ್ ಸರಿಯಿದ್ದೂ ಹೀಗಾದರೆ `E` ಆನ್ ಆಗಿದೆ. ಟೂಲ್‌ಬಾರಿನಲ್ಲಿ ರಬ್ಬರ್ ಚಿಹ್ನೆ ಒತ್ತಿದಂತೆ ಕಾಣುತ್ತದೆ. ಒಮ್ಮೆ `E` ಒತ್ತಿ.

*ಮಿಡಲ್ ಕ್ಲಿಕ್ ಸರಿಯಿದೆ, `/` ಮಾತ್ರ ಕೆಲಸ ಮಾಡುತ್ತಿಲ್ಲ.* ನಮ್ಮ ಕಡೆ ಇದಕ್ಕೆ ಬಹಳ ಸಲ ಕಾರಣ ಕನ್ನಡ ಕೀಬೋರ್ಡ್. ಯಾರಿಗೋ ಕನ್ನಡದಲ್ಲಿ ಮೆಸೇಜ್ ಟೈಪ್ ಮಾಡಿ ಹಾಗೇ ಬಿಟ್ಟಿರುತ್ತೀರಿ. ಪೆನ್ನಿನ ಬಟನ್ ಕಳಿಸುವುದು ಒಂದು ಕೀಲಿಯ ಒತ್ತು, ಕನ್ನಡ ಆನ್ ಇದ್ದರೆ ಅದು ಕ್ರಿಟಾಗೆ ಬೇರೆ ಅಕ್ಷರವಾಗಿ ತಲುಪಬಹುದು. ಮೌಸ್ ಕೆಲಸಕ್ಕೆ ಇದು ತಟ್ಟುವುದಿಲ್ಲ, ಅದಕ್ಕೇ ಒಂದು ಬಟನ್ ಸರಿ, ಒಂದು ಇಲ್ಲ. `Win+Space` ಒತ್ತಿ ಇಂಗ್ಲಿಷ್‌ಗೆ ಬನ್ನಿ. ಡ್ರೈವರಿನಲ್ಲಿ `/` ದಾಖಲಿಸುವಾಗಲೂ ಇಂಗ್ಲಿಷ್‌ನಲ್ಲೇ ಇರಿ.

*ಕ್ರಿಟಾದಲ್ಲಿ ಸರಿ, ಇಂಕ್‌ಸ್ಕೇಪ್‌ನಲ್ಲಿ ಬೇರೆ ಏನೋ ಆಗುತ್ತಿದೆ.* ಬಟನ್‌ಗೆ `E` ಕೊಟ್ಟವರಿಗೆ ಇದು ಖಂಡಿತ ಆಗುತ್ತದೆ. ಕ್ರಿಟಾದಲ್ಲಿ `E` ಅಂದರೆ ಅಳಿಸು, ಇಂಕ್‌ಸ್ಕೇಪ್‌ನಲ್ಲಿ ವೃತ್ತ ಬರೆಯುವ ಟೂಲ್, ಫೋಟೋಶಾಪ್‌ನಲ್ಲಿ ಇರೇಸರ್ ಟೂಲ್. ಪ್ರತಿ ಪ್ರೋಗ್ರಾಮಿಗೂ `Application` ಸಾಲಿನಲ್ಲಿ ಬೇರೆ ಬೇರೆ ಹೊಂದಿಕೆ ಮಾಡಿ.

*ಕರೆಂಟ್ ಹೋಗಿ ಬಂದ ಮೇಲೆ, ಅಥವಾ ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದ ಮೇಲೆ ಎಲ್ಲ ಬಟನ್‌ಗಳೂ ಹಳೆ ಸ್ಥಿತಿಗೆ ಹೋಗಿವೆ.* ಪೆನ್ ಓಡುತ್ತದೆ, ಆದರೆ ಬಟನ್ ಒತ್ತಿದರೆ ಮೆನು ತೆರೆಯುತ್ತದೆ, ಒತ್ತಡವೂ ಇಲ್ಲ. ಹೊಂದಿಕೆ ಅಳಿಸಿಹೋಗಿಲ್ಲ, ಹಿನ್ನೆಲೆಯಲ್ಲಿ ಓಡಬೇಕಾದ ಡ್ರೈವರ್ ನಿಂತಿದೆ. ಮೊದಲು ಟ್ಯಾಬ್ಲೆಟ್‌ನ ತಂತಿ ಕಿತ್ತು ಮತ್ತೆ ಚುಚ್ಚಿ. ಆಗದಿದ್ದರೆ ವ್ಯಾಕಮ್ ಇರುವವರು `services.msc` ತೆರೆದು `Wacom Professional Service` ಮೇಲೆ ರೈಟ್ ಕ್ಲಿಕ್ ಮಾಡಿ `Restart` ಕೊಡಿ. ಬೇರೆ ಕಂಪನಿಯವರದ್ದಾದರೆ ಡ್ರೈವರ್ ಪ್ರೋಗ್ರಾಮ್ ಮುಚ್ಚಿ ಮತ್ತೆ ತೆರೆಯಿರಿ. ಆಮೇಲೆ ಕ್ರಿಟಾವನ್ನೂ ಮುಚ್ಚಿ ತೆರೆಯಬೇಕು, ಅದು ಟ್ಯಾಬ್ಲೆಟ್ ಹುಡುಕುವುದು ಶುರುವಾಗುವಾಗ.

ಹಳೇ ಟ್ಯಾಬ್ಲೆಟ್ ಮಾರಿ ಬೇರೆ ಕಂಪನಿಯದು ತಗೊಂಡಿದ್ದರೆ ಹಳೇ ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಆಮೇಲೆ ಹೊಸದನ್ನು ಹಾಕಿ. ಎರಡು ಕಂಪನಿಗಳ ಡ್ರೈವರ್ ಒಟ್ಟಿಗೆ ಇದ್ದರೆ ಬಟನ್‌ಗಳು ಒಂದು ದಿನ ಕೇಳುತ್ತವೆ, ಒಂದು ದಿನ ಕೇಳುವುದಿಲ್ಲ. ಆಗ ಮೇಲೆ ಹೇಳಿದ ಯಾವ ರಿಪೇರಿಯೂ ಬಹಳ ಹೊತ್ತು ನಿಲ್ಲುವುದಿಲ್ಲ.